ನೆರೆ ಬಂದ ರಾತ್ರಿ ಸಹಿ ಯಾರು ಹಾಕಬೇಕು?
ಸಂಘದ ತುರ್ತು ಬಜೆಟ್: ಮಳೆಗಾಲಕ್ಕೆ ಮೊದಲೇ ಒಂದು ಪುಟದಲ್ಲಿ ಬರೆದಿಡಿ



ನೀವು ನಿಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಎಂದುಕೊಳ್ಳಿ. ರಾತ್ರಿ ಹತ್ತು ಗಂಟೆ. ಹೊಳೆ ನೀರು ಊರ ಅಗಸೆಯವರೆಗೆ ಬಂದಿದೆ. ದನಗಳನ್ನೆಲ್ಲ ಎತ್ತರದ ಶಾಲೆ ಮೈದಾನಕ್ಕೆ ಹೊಡೆದುಕೊಂಡು ಬಂದು ಕಟ್ಟಿದ್ದೀರಿ. ಬಣವೆಗಳು ನೀರಿನಲ್ಲಿ ನಿಂತಿವೆ. ಅಷ್ಟರಲ್ಲಿ ಒಬ್ಬರು ಟ್ರ್ಯಾಕ್ಟರ್ ತುಂಬ ಜೋಳದ ಕಣಿಕೆ ತಂದು ನಿಲ್ಲಿಸಿ, "ಅಕ್ಕಾರ, ಈಗ ರೊಕ್ಕ ಕೊಟ್ರ ಇಲ್ಲೇ ಇಳಸ್ತೀನಿ, ಇಲ್ಲಾಂದ್ರ ಮುಂದಿನ ಊರಿಗೆ ಹೋಗ್ತೀನಿ" ಅನ್ನುತ್ತಾರೆ.

ಸಂಘದ ಖಾತೆಯಲ್ಲಿ ಹಣವಿದೆ. ಆದರೆ ಮಹಾಸಭೆ ಒಪ್ಪಿದ ಆಯವ್ಯಯದಲ್ಲಿ 'ಕಣಿಕೆ ಖರೀದಿ' ಎಂಬ ಸಾಲೇ ಇಲ್ಲ. ಅಧ್ಯಕ್ಷೆಯ ಫೋನ್ ಸಿಗುತ್ತಿಲ್ಲ. ಆಡಳಿತ ಮಂಡಳಿ ಸಭೆ ಕರೆಯಬೇಕೆಂದರೆ ನೋಟಿಸು, ಕೋರಂ ಎಲ್ಲ ಬೇಕು. ಮೂರು ದರಪಟ್ಟಿ ತರಿಸಲು ಅಂಗಡಿಗಳೇ ತೆರೆದಿಲ್ಲ. ಹಣ ಕೊಟ್ಟರೆ ಮುಂದಿನ ವರ್ಷ ಲೆಕ್ಕ ಪರಿಶೋಧಕರು "ಯಾರ ಅನುಮತಿಯಿಂದ ಕೊಟ್ಟಿರಿ?" ಎಂದು ಕೇಳಿ, ವಸೂಲಿ ನಿಮ್ಮ ಹೆಸರಿಗೆ ಬರೆಯಬಹುದು. ಕೊಡದಿದ್ದರೆ ಬೆಳಿಗ್ಗೆ ನೂರಿಪ್ಪತ್ತು ದನಗಳ ಮುಂದೆ ಹಾಕಲು ಹಿಡಿ ಮೇವಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದ್ದನ್ನು ಕಂಡ ಊರುಗಳ ಸದಸ್ಯೆಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರೆಯಲ್ಲಿ ಮೊದಲ ಮೂರು ದಿನ ಸಂಘಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾಗುವುದು ಆ ಹಣ ಮುಟ್ಟುವ ಅಧಿಕಾರ. ಅದನ್ನು ನೀರು ಬಂದ ಮೇಲೆ ಹುಡುಕಲಾಗದು. ಮೇ ತಿಂಗಳಲ್ಲೇ ಬರೆದಿಡಬೇಕು. ಅದನ್ನು ಬರೆಯುವುದು ಹೇಗೆ, ನೀರು ಇಳಿದ ಮೇಲೆ ಆ ಲೆಕ್ಕ ಮುಗಿಸುವುದು ಹೇಗೆ ಎಂಬುದನ್ನು ಒಂದು ಸಂಘದ ಉದಾಹರಣೆ ಇಟ್ಟುಕೊಂಡು ನೋಡೋಣ.

ಸರ್ಕಾರವೂ ಹೀಗೆಯೇ ಮಾಡುತ್ತದೆ

"ಮೊದಲು ಖರ್ಚು, ಆಮೇಲೆ ಲೆಕ್ಕ" ಎಂದರೆ ಅದು ತಪ್ಪು ದಾರಿ ಎಂದು ಅನೇಕರು ಹೆದರುತ್ತಾರೆ. ಆದರೆ ಕಾನೂನಿನಲ್ಲೇ ಇದಕ್ಕೆ ಜಾಗವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಕಲಂ ಪ್ರಕಾರ, ವಿಪತ್ತಿನ ಸಮಯದಲ್ಲಿ ಸಾಮಗ್ರಿ ಕೂಡಲೇ ಬೇಕು ಎಂದು ಜಿಲ್ಲಾ ಪ್ರಾಧಿಕಾರಕ್ಕೆ ಮನವರಿಕೆಯಾದರೆ ಟೆಂಡರ್ ಕರೆಯದೆ ಖರೀದಿಸಲು ಇಲಾಖೆಗೆ ಅಧಿಕಾರ ಕೊಡಬಹುದು. ಸಾಮಗ್ರಿ ಬಳಕೆಯಾಯಿತು ಎಂದು ಜವಾಬ್ದಾರ ಅಧಿಕಾರಿ ಕೊಡುವ ಪ್ರಮಾಣಪತ್ರವನ್ನು ಲೆಕ್ಕಕ್ಕೆ ಓಚರ್ ಎಂದೇ ಒಪ್ಪಬೇಕು ಎಂದೂ ಅದೇ ಕಲಂ ಹೇಳುತ್ತದೆ.

ನಮ್ಮ ರಾಜ್ಯದ ಖಜಾನೆಯಲ್ಲೂ ಇಂಥ ವ್ಯವಸ್ಥೆಯಿದೆ. ತುರ್ತಿಗೆ ಎಸಿ ಬಿಲ್ಲಿನಲ್ಲಿ ಮುಂಗಡ ಪಡೆಯುತ್ತಾರೆ. ಆಮೇಲೆ ಓಚರ್‌ಗಳ ಸಮೇತ ಎನ್‌ಡಿಸಿ ಬಿಲ್ಲು ಎಂಬ ವಿವರವಾದ ಲೆಕ್ಕ ಕೊಟ್ಟು ಆ ಮುಂಗಡವನ್ನು ತೀರಿಸುತ್ತಾರೆ. ಮಹಾಲೇಖಪಾಲರ ವರದಿಗಳಲ್ಲಿ ಮತ್ತೆ ಮತ್ತೆ ಆಕ್ಷೇಪ ಬರುವುದು ಮುಂಗಡ ಪಡೆದದ್ದಕ್ಕಲ್ಲ, ಎನ್‌ಡಿಸಿ ಬಿಲ್ಲು ಬಾಕಿ ಉಳಿದದ್ದಕ್ಕೆ. ನಾವು ಇದರಿಂದ ಕಲಿಯಬೇಕಾದದ್ದು ಇಷ್ಟೇ: ಬೇಗ ಕೊಟ್ಟರೆ ಯಾರೂ ತಪ್ಪೆನ್ನುವುದಿಲ್ಲ, ಲೆಕ್ಕ ಮುಗಿಸದೆ ಬಿಟ್ಟರೆ ತಪ್ಪೆನ್ನುತ್ತಾರೆ.

ಈ ಕಾಯ್ದೆಯ ಕಲಂ ಸರ್ಕಾರದ ಇಲಾಖೆಗಳಿಗೆ ಸಂಬಂಧಿಸಿದ್ದು. ನಮ್ಮ ಸಂಘಕ್ಕೆ ಅದು ನೇರವಾಗಿ ಅಧಿಕಾರ ಕೊಡುವುದಿಲ್ಲ. ಸಂಘಕ್ಕೆ ಅಧಿಕಾರ ಬರುವುದು ಬೈಲಾದಿಂದ, ಮಹಾಸಭೆಯಿಂದ, ಆಡಳಿತ ಮಂಡಳಿಯ ಠರಾವಿನಿಂದ. ಆದ್ದರಿಂದ ಠರಾವಿನಿಂದಲೇ ಶುರು ಮಾಡೋಣ.

ಠರಾವಿನಲ್ಲಿ ಇರಬೇಕಾದ ನಾಲ್ಕು ಮಾತು

ಮೊದಲನೆಯದು, ಯಾವಾಗ ಎಂಬುದು. "ಮಳೆ ಜಾಸ್ತಿಯಾದಾಗ" ಎಂದು ಬರೆದರೆ ನಾಳೆ ಅದರ ಮೇಲೆಯೇ ಜಗಳ. ಎಲ್ಲರ ಕಣ್ಣಿಗೂ ಕಾಣುವ ಗುರುತು ಬೇಕು. ತಾಲ್ಲೂಕು ಆಡಳಿತ ಊರು ಖಾಲಿ ಮಾಡಲು ಹೇಳಿದಾಗ, ಅಥವಾ ಊರಿನ ರಸ್ತೆ ಮುಳುಗಿ ಹಾಲಿನ ಗಾಡಿ ಬರುವುದು ನಿಂತಾಗ ಎಂದು ಬರೆಯಿರಿ.

ಎರಡನೆಯದು, ಎಷ್ಟು ಮತ್ತು ಎಲ್ಲಿಂದ ಎಂಬುದು. ಒಂದು ಒಟ್ಟು ಮಿತಿ ಹಾಕಿ. ಹಣ ಯಾವ ಖಾತೆಯದು ಎಂಬುದನ್ನೂ ಹೆಸರಿಸಿ. ಸದಸ್ಯೆಯರ ಹಾಲಿನ ಬಟವಾಡೆ ಹಣಕ್ಕೆ ಮಾತ್ರ ಕೈ ಹಾಕಬೇಡಿ. ಅದು ಸಂಘದ ಹಣವಲ್ಲ, ಹಾಲು ಹಾಕಿದವರದು. ನೆರೆಯ ವಾರದಲ್ಲಿ ಆ ಬಟವಾಡೆ ತಪ್ಪಿದರೆ ಮನೆ ಒಲೆಗೇ ತೊಂದರೆ. ಕಾಯ್ದಿಟ್ಟ ನಿಧಿಯನ್ನೂ ಹೀಗೆ ಬಳಸಲಾಗದು. ಸಂಘದ ಸಾಮಾನ್ಯ ಹಣದಿಂದ, ಅಥವಾ ಮಹಾಸಭೆ ಲಾಭದಿಂದ ತೆಗೆದಿಟ್ಟ ಬೇರೆ ನಿಧಿಯಿಂದ ಎಂದು ಬರೆಯಿರಿ.

ಮೂರನೆಯದು, ಯಾರು ಎಂಬುದು. ಮೂವರ ಹೆಸರಿರಲಿ. ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಎತ್ತರದ ಓಣಿಯಲ್ಲಿ ಮನೆಯಿರುವ ಒಬ್ಬ ನಿರ್ದೇಶಕಿ. ಮೂವರಲ್ಲಿ ಇಬ್ಬರು ಒಪ್ಪಿದರೆ ಸಾಕು. ಒಬ್ಬರು ಸ್ಥಳದಲ್ಲಿ ಇಲ್ಲದಿದ್ದರೆ ಫೋನಿನಲ್ಲಿ ಒಪ್ಪಿಗೆ ಪಡೆದು, ಸಮಯ ಬರೆದಿಟ್ಟು, ಎರಡು ದಿನದೊಳಗೆ ಸಹಿ ಪಡೆಯಬೇಕು. ಮಾರುವವರು ತನ್ನ ಗಂಡ, ಮೈದುನ ಅಥವಾ ತವರಿನವರಾಗಿದ್ದರೆ ಆಕೆ ಆ ಖರೀದಿಗೆ ಒಪ್ಪಿಗೆ ಕೊಡಬಾರದು, ಉಳಿದಿಬ್ಬರು ಕೊಡಬೇಕು. ಊರಲ್ಲಿ ಕಣಿಕೆ ಇರುವುದು ನಮ್ಮವರ ಹತ್ತಿರವೇ, ಆದ್ದರಿಂದ ಈ ಸಾಲು ಬೇಕೇ ಬೇಕು.

ನಾಲ್ಕನೆಯದು, ಲೆಕ್ಕ ಯಾವತ್ತಿಗೆ ಎಂಬುದು. ಹಾಲಿನ ಗಾಡಿ ಮತ್ತೆ ಬಂದ ದಿನದಿಂದ 30 ದಿನದೊಳಗೆ ಪೂರ್ತಿ ಲೆಕ್ಕ ಆಡಳಿತ ಮಂಡಳಿ ಮುಂದೆ ಬರಬೇಕು ಎಂದು ಹಾಕಿ. ನಮ್ಮಲ್ಲಿ ನೆರೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ವಾರ್ಷಿಕ ಮಹಾಸಭೆ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಅದೇ ಮಹಾಸಭೆಯಲ್ಲಿ ಘಟನೋತ್ತರ ಅನುಮೋದನೆ ಪಡೆಯಲು ಬಹುತೇಕ ಅನುಕೂಲವಾಗುತ್ತದೆ.

ಠರಾವು ಹೀಗಿರಬಹುದು:

"ನೆರೆಯಿಂದ ಊರು ಖಾಲಿ ಮಾಡುವ ಆದೇಶವಾದಾಗ ಅಥವಾ ರಸ್ತೆ ಮುಳುಗಿ ಹಾಲು ಸಾಗಣೆ ನಿಂತಾಗ, ಸಂಘದ ಸಾಮಾನ್ಯ ಹಣದಿಂದ ರೂ. 1,10,000 ಮೀರದಂತೆ, ಲಗತ್ತಿಸಿದ ತುರ್ತು ಬಜೆಟ್ಟಿನ ಬಾಬುಗಳಿಗೆ ಖರ್ಚು ಮಾಡಲು ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಹೆಸರಿಸಿದ ನಿರ್ದೇಶಕಿ, ಈ ಮೂವರಲ್ಲಿ ಇಬ್ಬರಿಗೆ ಅಧಿಕಾರ ಕೊಡಲಾಗಿದೆ. ಪಡೆದ ಹಣವನ್ನು ಮುಂಗಡ ಎಂದು ಬರೆಯತಕ್ಕದ್ದು. ಹಾಲು ಸಾಗಣೆ ಮತ್ತೆ ಆರಂಭವಾದ 30 ದಿನದೊಳಗೆ ಓಚರ್ ಸಹಿತ ಲೆಕ್ಕ ಒಪ್ಪಿಸತಕ್ಕದ್ದು. ಲೆಕ್ಕ ಸಿಗದ ಹಣವನ್ನು ಪಡೆದವರಿಂದ ವಸೂಲು ಮಾಡತಕ್ಕದ್ದು."

ನಿಮ್ಮ ಬೈಲಾದಲ್ಲಿ ಕೈನಗದಿಗೆ ಅಥವಾ ಕಾರ್ಯದರ್ಶಿಯ ಖರ್ಚಿಗೆ ಬೇರೆ ಮಿತಿ ಇದ್ದರೆ ಅದೇ ಮೇಲು. ಠರಾವು ಬರೆಯುವ ಮುನ್ನ ವಿಸ್ತರಣಾಧಿಕಾರಿಗೆ ಒಮ್ಮೆ ತೋರಿಸಿ.

ಬಾಬು ಎಷ್ಟಿರಬೇಕು?

ಇಲ್ಲಿ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ಕೆಲವರು ತುಂಬ ಸಣ್ಣದಾಗಿ ಬರೆಯುತ್ತಾರೆ: ಜೋಳದ ಕಣಿಕೆ ಇಷ್ಟು ಕಿಲೋ, ಹಿಂಡಿ ಇಷ್ಟು, ಹಗ್ಗ ಇಷ್ಟು. ನೆರೆಯ ದಿನ ಕಣಿಕೆ ಸಿಗದೆ ಭತ್ತದ ಹುಲ್ಲೋ ಕಬ್ಬಿನ ವಾಡೆಯೋ ಸಿಕ್ಕರೆ ಆ ಬಜೆಟ್ಟು ನಿಮ್ಮ ಕೈ ಕಟ್ಟುತ್ತದೆ. ಇನ್ನು ಕೆಲವರು 'ನೆರೆ ಖರ್ಚು' ಎಂದು ಒಂದೇ ಸಾಲು ಬರೆದು ಮುಗಿಸುತ್ತಾರೆ. ಹಾಗೆ ಮಾಡಿದರೆ ಮೇವಿಗೆ ಎಷ್ಟು ಹೋಯಿತು, ಡೀಸೆಲ್‌ಗೆ ಎಷ್ಟು ಹೋಯಿತು ಎಂದು ಯಾರಿಗೂ ಹೇಳಲಾಗದು. ಮೇವಿನ ಹಣ ಮರಳಿ ಕೇಳುವಾಗಲೂ ಕೈಯಲ್ಲಿ ಕಾಗದ ಇರುವುದಿಲ್ಲ.

ನಾಲ್ಕು ಬಾಬು ಮತ್ತು ಒಂದು ಕೈಮೀಸಲು ಸಾಕು. ಈಗ ಉದಾಹರಣೆಗೆ ಬರೋಣ. ಒಂದು ಸಂಘ, 120 ದೊಡ್ಡ ದನ, ಅದರಲ್ಲಿ 70 ಹಾಲು ಕೊಡುವವು, ಐದು ದಿನ ಮೈದಾನದಲ್ಲಿ ಇರಬೇಕು ಎಂದು ಹಿಡಿಯೋಣ. ಇಲ್ಲಿ ಹಾಕಿರುವ ಬೆಲೆಗಳು ಲೆಕ್ಕ ತೋರಿಸಲು ಹಿಡಿದವು. ನೀವು ಮಾಡುವಾಗ ನಿಮ್ಮೂರಿನ ಬೆಲೆ ಹಾಕಿಕೊಳ್ಳಿ.

ದೊಡ್ಡ ದನಕ್ಕೆ ದಿನಕ್ಕೆ 6 ಕಿಲೋ ಒಣಮೇವು ಹಿಡಿಯಿರಿ. ಇದರಿಂದ ಹೊಟ್ಟೆ ಪೂರ್ತಿ ತುಂಬದು, ಹಾಲೂ ಇಳಿಯುತ್ತದೆ. ಆದರೆ ಐದು ದಿನ ದನ ಸೊರಗಿ ಬೀಳದಂತೆ ನಿಲ್ಲುತ್ತದೆ. 120 ದನಕ್ಕೆ ಐದು ದಿನಕ್ಕೆ 3,600 ಕಿಲೋ. ಹಾಲು ಕೊಡುವ 70 ದನಗಳಿಗೆ ದಿನಕ್ಕೆ 2 ಕಿಲೋ ಪಶು ಆಹಾರ ಎಂದರೆ 700 ಕಿಲೋ, ಅಂದರೆ 50 ಕಿಲೋ ಚೀಲ 14. ಸುತ್ತ ನೀರಿದ್ದರೂ ಅದು ಕುಡಿಯುವ ನೀರಲ್ಲ. ದನಕ್ಕೆ ದಿನಕ್ಕೆ ಸುಮಾರು 50 ಲೀಟರ್ ಎಂದು ಹಿಡಿದರೂ ದಿನಕ್ಕೆ 6,000 ಲೀಟರ್ ಟ್ಯಾಂಕರ್ ನೀರು ಬೇಕು.

ಇದನ್ನೆಲ್ಲ ಕೂಡಿಸಿ, ಸ್ವಲ್ಪ ಏರಿಳಿತಕ್ಕೆ ಜಾಗ ಬಿಟ್ಟು ಬಜೆಟ್ಟು ಹೀಗೆ ಆಯಿತು:

1. ಮೇವು ಮತ್ತು ನೀರು: ರೂ. 55,000
2. ದನಗಳ ಆರೋಗ್ಯ: ರೂ. 10,000
3. ಸಾಗಣೆ ಮತ್ತು ಕೂಲಿ: ರೂ. 20,000
4. ಹಾಲು ಕೆಡದಂತೆ ಸಾಗಿಸುವುದು (ಡೀಸೆಲ್, ಬಾಡಿಗೆ ಗಾಡಿ, ಕ್ಯಾನು): ರೂ. 15,000
5. ಕೈಮೀಸಲು: ರೂ. 10,000
ಒಟ್ಟು: ರೂ. 1,10,000

ಒಂದು ಬಾಬಿನ ಒಳಗೆ ಏನು ಕೊಳ್ಳಬೇಕು ಎಂಬುದು ಸ್ಥಳದಲ್ಲಿರುವ ಇಬ್ಬರಿಗೆ ಬಿಟ್ಟದ್ದು. ಕಣಿಕೆ ಬದಲು ಹುಲ್ಲು ತಂದರೆ ಯಾರನ್ನೂ ಕೇಳಬೇಕಿಲ್ಲ. ಒಂದು ಬಾಬಿನಿಂದ ಇನ್ನೊಂದಕ್ಕೆ ಹಣ ತಿರುಗಿಸಬೇಕಾದರೆ ಮಾತ್ರ ಅದಕ್ಕೆ ಇಬ್ಬರ ಸಹಿ ಮತ್ತು ಒಂದು ಸಾಲಿನ ಕಾರಣ ಬೇಕು. ಕೈಮೀಸಲು ತೆಗೆಯುವಾಗಲೂ ಹಾಗೆಯೇ. ಒಟ್ಟು ಮಿತಿಯನ್ನು ಮೀರುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕೆ ಮಂಡಳಿಯೇ ಸೇರಬೇಕು.

ಆರೋಗ್ಯದ ಬಾಬಿಗೆ ಕಡಿಮೆ ಇಟ್ಟದ್ದಕ್ಕೆ ಕಾರಣವಿದೆ. ಗಂಟಲು ಬೇನೆ, ಚಪ್ಪೆ ರೋಗದ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆ ಪಶುಪಾಲನಾ ಇಲಾಖೆಯವರೇ ಹಾಕುತ್ತಾರೆ. ನೆರೆಯ ದಿನ ಲಸಿಕೆ ಹಾಕಿಸಿದರೆ ಅದು ಫಲ ಕೊಡಲು ಕೆಲವು ವಾರ ಬೇಕು. ಈ ಹಣ ಗಾಯದ ಔಷಧಿ, ಕೆಚ್ಚಲು ಬಾವಿನ ಚಿಕಿತ್ಸೆ, ಸುಣ್ಣ, ಬ್ಲೀಚಿಂಗ್ ಪುಡಿ ಇಂಥವಕ್ಕೆ.

ಮುಂಗಡ ಬೇರೆ, ಖರ್ಚು ಬೇರೆ

ನೆರೆಯಲ್ಲಿ ಬ್ಯಾಂಕು ಮುಚ್ಚಿರಬಹುದು, ಕರೆಂಟಿಲ್ಲದೆ ಫೋನಿನಿಂದ ಹಣ ಕಳಿಸಲೂ ಆಗದಿರಬಹುದು. ಹೊಳೆ ಮಟ್ಟ ಏರುತ್ತಿದೆ ಎಂಬ ಸೂಚನೆ ಬಂದ ದಿನವೇ ಬೈಲಾ ಮಿತಿಯೊಳಗೆ ಸ್ವಲ್ಪ ನಗದು ತೆಗೆದಿಡಿ. ನಮ್ಮ ಉದಾಹರಣೆಯ ಸಂಘ ರೂ. 50,000 ನಗದು ತೆಗೆಯಿತು. ಮುಂದಿನ ದಿನಗಳಲ್ಲಿ ರೂ. 52,000ವನ್ನು ಬ್ಯಾಂಕಿನಿಂದಲೇ ಮಾರಾಟಗಾರರಿಗೆ ಕೊಟ್ಟಿತು. ಒಟ್ಟು ಹೊರಗೆ ಹೋದದ್ದು ರೂ. 1,02,000.

ಲೆಕ್ಕದ ಪುಸ್ತಕದಲ್ಲಿ ಆ ನಗದನ್ನು 'ಖರ್ಚು' ಎಂದು ಬರೆಯಬೇಡಿ. 'ನೆರೆ ಮುಂಗಡ' ಎಂದು, ಪಡೆದವರ ಹೆಸರಿನಲ್ಲಿ ಬರೆಯಿರಿ. ಖರ್ಚು ಎಂದು ಬರೆದರೆ ಕಾಗದ ಹುಡುಕುವ ಕೆಲಸ ಅಲ್ಲಿಗೇ ಮುಗಿದು ಹೋಗುತ್ತದೆ. ಮುಂಗಡ ಎಂದು ಬರೆದರೆ ಕೊನೆಯ ರೂಪಾಯಿಗೆ ಓಚರ್ ಬರುವವರೆಗೆ ಅದು ಆ ಹೆಸರಿನ ಮುಂದೆ ಬಾಕಿ ಎಂದೇ ಕಾಣುತ್ತದೆ. ಪಡೆದವರನ್ನು ಕಾಪಾಡುವುದೂ ಇದೇ: ಲೆಕ್ಕ ಒಪ್ಪಿಸಿದ ದಿನ ಆ ಹೆಸರು ಪುಸ್ತಕದಿಂದ ತೀರಿತು ಎಂದು ಎಲ್ಲರಿಗೂ ಕಾಣುತ್ತದೆ.

ಮೈದಾನದಲ್ಲಿ ಒಂದೇ ಒಂದು ನೋಟ್‌ಬುಕ್ ಇರಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಬ್ಬರ ಹತ್ತಿರವೇ ಇರಲಿ. ಪ್ರತಿ ಸಾಲಿಗೂ ತಾರೀಖು, ಏನು, ಎಷ್ಟು ಕಿಲೋ ಅಥವಾ ಎಷ್ಟು ಲೋಡು, ಯಾರಿಂದ, ಅವರ ಫೋನ್ ನಂಬರ್, ಎಷ್ಟು ಹಣ, ಯಾವ ಬಾಬು, ಹಣ ಪಡೆದವರ ಸಹಿ. ಕಣಿಕೆ ತಂದವರಿಗೆ ಬಿಲ್ ಪುಸ್ತಕ ಇರುವುದಿಲ್ಲ. ಅಂಥ ಕಡೆ ಕೈಚೀಟಿ ಬರೆದು ಅವರ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಹಣ ಕೊಡದ ಇನ್ನೊಬ್ಬ ಸದಸ್ಯೆ ಸಾಕ್ಷಿ ಹಾಕಲಿ. ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಚೀಟಿ ಒದ್ದೆಯಾದರೂ ಫೋಟೋ ಉಳಿಯುತ್ತದೆ.

ಕೊಂಡ ಲೆಕ್ಕದಷ್ಟೇ ಹಂಚಿದ ಲೆಕ್ಕವೂ ಮುಖ್ಯ. ಹಾಲು ಹಾಕುವ ಸದಸ್ಯತ್ವ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಅದೇ ಸಂಖ್ಯೆಯ ಮುಂದೆ ದನ ಎಷ್ಟು, ಇವತ್ತು ಮೇವು ಎಷ್ಟು ಎಂದು ಬರೆದು ಸಹಿ ಪಡೆಯಿರಿ. ಸದಸ್ಯೆಯಲ್ಲದವರ ದನಕ್ಕೂ ಮೇವು ಕೊಟ್ಟರೆ ತಪ್ಪಿಲ್ಲ, ಆದರೆ ಅದನ್ನು ಬೇರೆ ಪುಟದಲ್ಲಿ ಬರೆಯಿರಿ.

ನೀರು ಇಳಿದ ಮೇಲೆ: ತಾಳೆ ನೋಡುವುದು

ಹಾಲಿನ ಗಾಡಿ ಮತ್ತೆ ಬಂದಿದೆ. ನಮ್ಮ ಉದಾಹರಣೆಯ ಸಂಘದಲ್ಲಿ ಮೂರನೇ ವಾರಕ್ಕೆ ಕಾರ್ಯದರ್ಶಿ ಮತ್ತು ಮೈದಾನದಲ್ಲಿ ಹಣ ಮುಟ್ಟದ ಇಬ್ಬರು ನಿರ್ದೇಶಕಿಯರು ಕುಳಿತು ಚೀಟಿಗಳನ್ನು ಬಾಬುವಾರು ಜೋಡಿಸುತ್ತಾರೆ. ಓಚರ್ ಇರುವ ಖರ್ಚು ಹೀಗೆ ಬರುತ್ತದೆ:

ಮೇವು ಮತ್ತು ನೀರು: ರೂ. 61,400
ದನಗಳ ಆರೋಗ್ಯ: ರೂ. 4,200
ಸಾಗಣೆ ಮತ್ತು ಕೂಲಿ: ರೂ. 22,500
ಹಾಲು ಸಾಗಿಸುವುದು: ರೂ. 9,300
ಒಟ್ಟು: ರೂ. 97,400

ಡಬ್ಬಿಯಲ್ಲಿ ಉಳಿದ ನಗದು ರೂ. 3,100. ಎರಡೂ ಸೇರಿ ರೂ. 1,00,500. ಆದರೆ ಹೊರಗೆ ಹೋದದ್ದು ರೂ. 1,02,000. ಹಾಗಾದರೆ ರೂ. 1,500 ಎಲ್ಲಿ ಹೋಯಿತು?

ಇಲ್ಲಿ "ಇರಲಿ ಬಿಡ್ರಿ, ನೆರೆಯಾಗ ಹೋಗಿರಬೇಕು" ಎಂದು ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ಹಾಗೆ ಬಿಡಬೇಡಿ. ಆ ಮೊತ್ತಕ್ಕೆ ಸರಿಹೊಂದುವಂತೆ ಒಂದು ಚೀಟಿ ಹೊಸದಾಗಿ ಬರೆದು ಸೇರಿಸುವುದಂತೂ ಬೇಡವೇ ಬೇಡ. ನೋಟ್‌ಬುಕ್ಕನ್ನು ಮೊದಲಿನಿಂದ ಓದಿದಾಗ ಎರಡನೇ ರಾತ್ರಿಯ ಸಾಲೊಂದು ಸಿಗುತ್ತದೆ: ಕರುಗಳನ್ನು ಸಾಗಿಸಿದ ಟ್ರ್ಯಾಕ್ಟರ್‌ಗೆ ಡೀಸೆಲ್ ಹಣ, ಚಾಲಕನ ಫೋನ್ ನಂಬರ್ ಇದೆ, ಸಹಿ ಇಲ್ಲ. ಫೋನ್ ಮಾಡಿದರೆ ಆತ ರೂ. 1,500 ಪಡೆದದ್ದು ಹೌದು ಎನ್ನುತ್ತಾನೆ. ಮರುದಿನ ಬಂದು ಅವತ್ತಿನ ತಾರೀಖು ಹಾಕಿ ಸಹಿ ಮಾಡುತ್ತಾನೆ. ಹಳೇ ತಾರೀಖು ಹಾಕಿಸುವುದಿಲ್ಲ. "ನೆರೆಯ ಎರಡನೇ ದಿನ ಪಡೆದದ್ದು, ಇಂದು ಸಹಿ ಮಾಡಿದ್ದು" ಎಂದೇ ಬರೆಯುತ್ತಾರೆ. ಸಾಗಣೆ ಬಾಬು ರೂ. 24,000 ಆಗುತ್ತದೆ, ಒಟ್ಟು ಖರ್ಚು ರೂ. 98,900. ಉಳಿದ ರೂ. 3,100 ಸೇರಿಸಿದರೆ ರೂ. 1,02,000. ಹಣ ತಾಳೆಯಾಯಿತು. ಚಾಲಕ ಸಿಗದೇ ಹೋಗಿದ್ದರೆ ಆ ರೂ. 1,500 ಮುಂಗಡ ಪಡೆದವರ ಹೆಸರಿನಲ್ಲೇ ಬಾಕಿ ಉಳಿಯುತ್ತಿತ್ತು.

ಹಣದ ತಾಳೆಯಾದ ಮೇಲೆ ಸಾಮಾನಿನ ತಾಳೆ. ಕೊಂಡ ಒಣಮೇವು 3,900 ಕಿಲೋ. ಹಂಚಿಕೆ ಪಟ್ಟಿ ಕೂಡಿಸಿದರೆ 3,600 ಕಿಲೋ. 120 ದನ, 6 ಕಿಲೋ, ಐದು ದಿನ ಎಂದು ಗುಣಿಸಿದರೂ 3,600. ಪಟ್ಟಿ ನಂಬುವಂತಿದೆ. ಉಳಿದ 300 ಕಿಲೋದಲ್ಲಿ 200 ಕಿಲೋ ಮಳೆಯಲ್ಲಿ ನೆನೆದು ಬೂಸಲು ಬಂದಿತ್ತು, ಚೆಲ್ಲಿದರು, ಅದರ ಫೋಟೋ ಇದೆ. 100 ಕಿಲೋ ಸಂಘದ ಕಟ್ಟಡದಲ್ಲಿದೆ. ಹೀಗೆ ಒಂದೊಂದು ಕಿಲೋಗೂ ಜಾಗ ಸಿಕ್ಕಾಗ ಮಾತ್ರ ಲೆಕ್ಕ ಮುಗಿಯಿತು ಎನ್ನಬಹುದು. ಹಣ ಸರಿಯಾಗಿದ್ದು ಮೇವು ತಾಳೆಯಾಗದಿದ್ದರೆ, ಬರದ ಲೋಡಿಗೆ ಹಣ ಹೋಗಿರಬಹುದು, ಇಲ್ಲವೇ ಒಂದೇ ಲೋಡಿಗೆ ಎರಡು ಚೀಟಿ ಬಂದಿರಬಹುದು. ಚೀಟಿಗಳೆಲ್ಲ ಒಂದೇ ಕೈಬರಹದಲ್ಲಿದ್ದರೆ, ಎಲ್ಲ ಮೊತ್ತವೂ ಸೊನ್ನೆಯಲ್ಲೇ ಮುಗಿಯುತ್ತಿದ್ದರೆ, ಮಾರಾಟಗಾರರ ಫೋನ್ ನಂಬರ್ ಇಲ್ಲದಿದ್ದರೆ ಅವನ್ನು ಮತ್ತೊಮ್ಮೆ ನೋಡಿ.

ಕೊನೆಗೆ ಬಾಬುಗಳ ತಾಳೆ. ಮೇವಿಗೆ ರೂ. 6,400 ಹೆಚ್ಚಾಗಿದೆ. ಕಿಲೋಗೆ 8 ರೂಪಾಯಿ ಹಿಡಿದದ್ದು 9 ಆಯಿತು, ಟ್ಯಾಂಕರ್ ಬಾಡಿಗೆಯೂ ಏರಿತು. ಅದನ್ನು ಕೈಮೀಸಲಿನಿಂದ ತೆಗೆದರು. ಸಾಗಣೆಗೆ ರೂ. 4,000 ಹೆಚ್ಚಾಗಿದೆ. ಆರೋಗ್ಯದ ಬಾಬಿನಲ್ಲಿ ಉಳಿದ ರೂ. 5,800ರಿಂದ ಅದನ್ನು ತಿರುಗಿಸಿದರು. ಎರಡಕ್ಕೂ ಕಾರಣ ಬರೆದು ಸಹಿ ಮಾಡಿದರು. ಉಳಿದ ನಗದು ರೂ. 3,100 ಬ್ಯಾಂಕಿಗೆ ಕಟ್ಟಿದರು. ಮಿತಿಯಲ್ಲಿ ತೆಗೆಯದೇ ಉಳಿದ ರೂ. 8,000 ಸಂಘದ ಖಾತೆಯಲ್ಲೇ ಇದೆ. ಆ ಅನುಮತಿ ಅಲ್ಲಿಗೆ ಮುಗಿಯಿತು. ಅದನ್ನು ಹಬ್ಬಕ್ಕೋ ಬಣ್ಣ ಬಳಿಸಲಿಕ್ಕೋ ಬಳಸುವಂತಿಲ್ಲ.

ಸರ್ಕಾರದ ಪರಿಹಾರ ಬಂದರೆ?

ಬಾಬುಗಳನ್ನು ಬೇರೆ ಬೇರೆ ಮಾಡಿದ್ದರ ಲಾಭ ಇಲ್ಲಿ ಕಾಣುತ್ತದೆ. 2022–26ರ ಅವಧಿಗೆ ಕೇಂದ್ರ ಗೃಹ ಇಲಾಖೆ ನಿಗದಿ ಮಾಡಿದ ವಿಪತ್ತು ಪರಿಹಾರ ದರದಲ್ಲಿ, ಜಾನುವಾರು ಶಿಬಿರದಲ್ಲಿರುವ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45 ರೂಪಾಯಿ ಎಂದಿತ್ತು. ನಮ್ಮ ಉದಾಹರಣೆಯಲ್ಲಿ ಮೇವು, ನೀರಿಗೆ ಆದ ರೂ. 61,400ನ್ನು 120 ದನ, ಐದು ದಿನಕ್ಕೆ ಭಾಗಿಸಿದರೆ ದನವೊಂದಕ್ಕೆ ದಿನಕ್ಕೆ 102 ರೂಪಾಯಿ ಬಿದ್ದಿದೆ. ಅಂದರೆ ಆ ದರದಲ್ಲಿ ಪೂರ್ತಿ ಮಂಜೂರಾದರೂ ಬರುವುದು ರೂ. 48,000. ಉಳಿದ ರೂ. 13,400 ಸಂಘದ ಕೈಯಿಂದಲೇ. ಮಂಡಳಿ ಮಿತಿ ನಿಗದಿ ಮಾಡುವಾಗ ಈ ಅಂತರ ನೆನಪಿರಲಿ.

ಆ ಹಣವೂ ತಾನಾಗಿ ಬರುವುದಿಲ್ಲ. ಆಡಳಿತ ಒಪ್ಪಿದ ಶಿಬಿರಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ದನ ಕಟ್ಟಿದ ಮೊದಲ ದಿನವೇ ಎಷ್ಟು ದನ, ಎಲ್ಲಿ ಎಂದು ತಹಶೀಲ್ದಾರರಿಗೂ ಪಶುವೈದ್ಯರಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಫೋನಿನಲ್ಲಿ ಕಳಿಸಿದ ಸಂದೇಶವನ್ನೂ ಅಳಿಸಬೇಡಿ. ಹಣ ಬಂದರೆ ಅದು ಸಂಘದ ನೆರೆ ಲೆಕ್ಕಕ್ಕೇ ಜಮೆಯಾಗಬೇಕು. ಒಂದೇ ಮೇವಿಗೆ ಎರಡು ಕಡೆಯಿಂದ ಹಣ ಪಡೆದು ಒಂದನ್ನು ಹಂಚಿಕೊಂಡರೆ, ಲೆಕ್ಕ ಎಷ್ಟೇ ಚೆನ್ನಾಗಿ ಬರೆದಿದ್ದರೂ ತಪ್ಪೇ.

ಸತ್ತ ದನದ ಪರಿಹಾರ ಇದರಲ್ಲಿ ಸೇರುವುದಿಲ್ಲ. ಅದೇ ಅವಧಿಯ ದರದಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆಗೆ ರೂ. 37,500, ಒಂದು ಕುಟುಂಬಕ್ಕೆ ಇಂಥ ಮೂರು ದೊಡ್ಡ ದನಗಳವರೆಗೆ ಎಂದಿತ್ತು. ಅದು ಆ ಮನೆಯವರ ಹಕ್ಕು, ಸಂಘದ ಬಜೆಟ್ಟಿಗೆ ಸಂಬಂಧವಿಲ್ಲ. ಆದರೆ ಸಂಘದವರು ಒಂದು ಉಪಕಾರ ಮಾಡಬಹುದು. ಹೂಳುವ ಮೊದಲು ಕಿವಿಯೋಲೆ ಕಾಣುವಂತೆ ಫೋಟೋ ತೆಗೆಸಿ, ಪಶುವೈದ್ಯರನ್ನು ಕರೆಸಿ ಪ್ರಮಾಣಪತ್ರ ಕೊಡಿಸಿ. ವಿಮೆ ಇದ್ದರೆ ಕೂಡಲೇ ಕಂಪನಿಗೆ ತಿಳಿಸಲು ಹೇಳಿ. ಆ ಗಡಿಬಿಡಿಯಲ್ಲಿ ಅವಸರದಿಂದ ಹೂತುಹಾಕಿದ ದನಕ್ಕೆ ಆಮೇಲೆ ಸಾಕ್ಷಿ ಹುಟ್ಟಿಸಲಾಗದು.

ಮಹಾಸಭೆಯಲ್ಲಿ ಓದಿ ಹೇಳಿ

ಲೆಕ್ಕ ಮುಗಿದ ಮೇಲೆ ಅದನ್ನು ಬೀರುವಿನಲ್ಲಿಟ್ಟರೆ ಅರ್ಧ ಕೆಲಸವಾದಂತೆ. ಐದು ಬಾಬು, ಒಪ್ಪಿದ್ದು, ಖರ್ಚಾದದ್ದು, ಉಳಿದದ್ದು, ಹೆಚ್ಚಾದದ್ದಕ್ಕೆ ಕಾರಣ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಬಾಗಿಲಿಗೆ ಅಂಟಿಸಿ. ಮಹಾಸಭೆಯಲ್ಲಿ ಜೋರಾಗಿ ಓದಿ. "ನನ್ನ ಹೆಸರಿನಾಗ ನಾಲ್ಕು ದಿನದ ಮೇವು ಬರದೀರಿ, ನನಗ ಬಂದದ್ದು ಮೂರು ದಿನದ್ದ" ಎಂದು ಒಬ್ಬ ಸದಸ್ಯೆ ಎದ್ದು ನಿಂತು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಪುಟ ತೆರೆದು ಅವರ ಸಹಿ ತೋರಿಸಿ. ಸಹಿ ಇಲ್ಲದಿದ್ದರೆ ಅಲ್ಲೇ ತಿದ್ದಿ ಬರೆಯಿರಿ. ಲೆಕ್ಕ ಪರಿಶೋಧಕರಿಗೆ ಕಾಣದ ತಪ್ಪು ಹೀಗೆ ಸಿಗುತ್ತದೆ, ಏಕೆಂದರೆ ಆ ರಾತ್ರಿ ಮೈದಾನದಲ್ಲಿ ಇದ್ದವರು ಅವರಲ್ಲ, ನೀವು.

ನಿಮ್ಮ ಸಂಘದ ಠರಾವು ಪುಸ್ತಕವನ್ನು ಈ ತಿಂಗಳ ಮಂಡಳಿ ಸಭೆಯಲ್ಲಿ ಒಮ್ಮೆ ತೆರೆದು ನೋಡಿ. ಇಂಥ ಠರಾವು ಇಲ್ಲದಿದ್ದರೆ ಬರೆಯಿಸಿ. ಇದ್ದರೆ ಅದರಲ್ಲಿ ಇರುವ ಮೂವರ ಹೆಸರು ಈಗಲೂ ಸರಿಯಿದೆಯೇ, ಹಿಡಿದ ಮೇವಿನ ಬೆಲೆ ಈ ವರ್ಷದ್ದೇ ಎಂದು ನೋಡಿ. ಠರಾವಿನ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಖಾಲಿ ನೋಟ್‌ಬುಕ್ ಮತ್ತು ಎರಡು ಪೆನ್ನಿನ ಜೊತೆ ಎತ್ತರದ ಓಣಿಯ ನಿರ್ದೇಶಕಿಯ ಮನೆಯಲ್ಲಿಡಿ. ಸಂಘದ ಕಟ್ಟಡ ಮುಳುಗಿದರೂ ಆ ಮೂರು ಸಾಮಾನು ನಿಮ್ಮ ಕೈಗೆ ಸಿಗಬೇಕು.